ತವರಿನ ಎಳ್ಳುಂಡೆ

ಬಸವಕ್ಕ ನಮ್ಮ ಮನೆಗೆ ರೊಟ್ಟಿ ಮಾಡಲು ಬರುತ್ತಾಳೆ. ಗಂಡ ಇಲ್ಲ, ಇರುವುದು ಹಾರಿಕಾ ಎಂಬ ಒಬ್ಬ ಮಗಳು, ಹಾಲಹರವಿಯಲ್ಲಿ ಕುರಿ ಮೇಯಿಸುವ ಅಣ್ಣ ಭೀಮಲಿಂಗಪ್ಪ. ಅಣ್ಣನ ಮಗ ಹರೀಶನಿಗೆ ಹಾರಿಕಾ ಎಂದು ಅವರಿಬ್ಬರೂ ಕೂಸಾಗಿದ್ದಾಗಲೇ ಮಾತಾಗಿತ್ತು. ಹುಡುಗಿ ದೊಡ್ಡಾಕಿಯಾದರೆ ಸೋದರಮಾವ ಹಸಿ ಸೊಪ್ಪಿನ ಗುಡ್ಲು ಹಾಕಿ, ಅದರೊಳಗೆ ಕೂರಿಸಿ ಆರತಿ ಮಾಡಿಸಬೇಕು. ಬಸವಕ್ಕ ಆ ಗುಡ್ಲಿಗಾಗಿ ಕಾಯುತ್ತಿದ್ದಳು.

ಹಾರಿಕಾ ಒಂಬತ್ತನೇ ತರಗತಿ. ಎತ್ತರ, ಮೈಕಟ್ಟು ಎಲ್ಲ ಬಂದಿತ್ತು, ಮುಟ್ಟು ಮಾತ್ರ ಬಂದಿರಲಿಲ್ಲ. ತಿಂಗಳಿಗೊಮ್ಮೆ ಕಿಬ್ಬೊಟ್ಟೆ ಹಿಡಿದುಕೊಂಡು ಮುದುರಿ ಮಲಗುತ್ತಿದ್ದಳು, ನಾಲ್ಕಾರು ದಿನಕ್ಕೆ ತಾನೇ ಎದ್ದು ಶಾಲೆಗೆ ಹೋಗುತ್ತಿದ್ದಳು. ಓಣಿಯ ಡಾಕ್ಟರ್ ಗ್ಯಾಸ್ ಎಂದು ಸೂಜಿ ಚುಚ್ಚಿದ. ಭೀಮಲಿಂಗಪ್ಪನ ಹೆಂಡತಿ ಗಾದಿಲಿಂಗಮ್ಮ, ಮೈಗೆ ಉಷ್ಣ ಸಾಲದು, ಎಳ್ಳುಬೆಲ್ಲ ತಿಂದರೆ ತಾನೇ ಬರುತ್ತದೆ ಎಂದು ಪ್ರತಿ ಸಂತೆಗೂ ಡಬ್ಬಿ ತುಂಬ ಎಳ್ಳುಂಡೆ ಕಟ್ಟಿಕೊಂಡು ಬರುತ್ತಿದ್ದಳು. ನೋವಿದ್ದ ದಿನಗಳಲ್ಲಿ ಇನ್ನೂ ಹೆಚ್ಚು ತಿನ್ನಿಸುತ್ತಿದ್ದರು.

“ಏನೇ ಸೊಸಿ, ಎಷ್ಟು ಕಾಯಿಸ್ತಿ? ಗುಡ್ಲಿಗಂತ ನಿಮ್ಮ ಮಾವ ನೋಡಿಟ್ಟ ಗಿಡಾನೆಲ್ಲ ಕುರಿ ತಿಂದು ಹಾಕಿದ್ವು,” ಎಂದು ಗಾದಿಲಿಂಗಮ್ಮ ಒಮ್ಮೆ ಛೇಡಿಸಿದ್ದಳು.

“ಹಂಗಾದ್ರೆ ಆ ಕುರಿಗೇ ಆರತಿ ಮಾಡ್ರಿ ಅತ್ತಿ,” ಎಂದಿದ್ದಳು ಹಾರಿಕಾ. ಎಲ್ಲರೂ ನಕ್ಕಿದ್ದರು. ಆದರೆ ಬೇರೆಯವರ ಮನೆಯ ಆರತಿಗೆ ಅವಳು ಹೋಗುವುದನ್ನು ಬಿಟ್ಟಿದ್ದಳು. ಅಲ್ಲಿ ಹೆಂಗಸರು ಪಿಸುಗುಟ್ಟುತ್ತಿದ್ದರಂತೆ.

ನನ್ನ ಮಗಳಿಗಿನ್ನೂ ನಾಲ್ಕು ವರ್ಷ. ಅವಳು ಸೀನಿದರೂ ನಾನು ಡಾಕ್ಟರ ಹತ್ತಿರ ಓಡುವವಳು. ಬಸವಕ್ಕ ಹೇಳುವುದನ್ನು ಕೇಳಿ ಕೇಳಿ, ನೋವು ಹೀಗೆ ತಿಂಗಳು ತಪ್ಪದೆ ಬರುವುದಾದರೆ ಹೆಂಗಸರ ಡಾಕ್ಟರಿಗೆ ತೋರಿಸು ಎಂದು ಬೆನ್ನು ಹತ್ತಿದ್ದೆ. ಮದುವೆಯಾಗದ ಹುಡುಗಿಯನ್ನು ಅಲ್ಲಿಗೆ ಕರೆದೊಯ್ದರೆ ನೋಡಿದವರು ಏನೆಂದಾರು ಎಂದು ಅವಳು ಮುಂದೂಡುತ್ತಲೇ ಬಂದಳು.

ಕೊನೆಗೆ ಒಂದು ಬೆಳಗ್ಗೆ ಹಾರಿಕಾಗೆ ಮೂತ್ರವೇ ಹೋಗಲಿಲ್ಲ. ಹೊಟ್ಟೆಯ ಕೆಳಗೆ ಗಟ್ಟಿ ಗಡ್ಡೆಯಂತೆ ಉಬ್ಬಿತ್ತು. ಆಟೋದಲ್ಲಿ ಹಾಕಿಕೊಂಡು ಆದೋನಿಯ ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಪ್ರತಿಮಾ ಮೊದಲು ನಳಿಕೆ ಹಾಕಿ ಮೂತ್ರ ತೆಗೆಸಿದರು. ಪರದೆ ಎಳೆದು, ಹುಡುಗಿಯನ್ನೇ ಕೇಳಿ, ಒಳಗೆ ಬೆರಳಿಡದೆ ಬರೀ ಕಣ್ಣಲ್ಲಿ ನೋಡಿದರು. ಸ್ಕ್ಯಾನ್ ಮಾಡಿಸಿದರು.

ಆಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಮುಟ್ಟು ಬಹಳ ಹಿಂದೆಯೇ ಶುರುವಾಗಿದೆ. ಯೋನಿಯ ಬಾಯಿಯಲ್ಲಿ ಎಲ್ಲ ಹುಡುಗಿಯರಿಗೂ ರಂಧ್ರವಿರುವ ಪೊರೆ ಇರುತ್ತದೆ, ಇವಳಿಗೆ ಹುಟ್ಟಿನಿಂದಲೇ ಅದು ಪೂರ್ತಿ ಮುಚ್ಚಿಕೊಂಡಿದೆ. ತಿಂಗಳು ತಿಂಗಳು ಬಂದ ರಕ್ತ ಒಳಗೇ ಕೂಡಿ, ಪೊರೆ ನೀಲಿಯಾಗಿ ಉಬ್ಬಿ, ಮೂತ್ರದ ದಾರಿಯನ್ನು ಒತ್ತಿದೆ. ಕೆಲವರಿಗೆ ಅಡ್ಡಗೋಡೆ ಇನ್ನೂ ಮೇಲೆ, ದಪ್ಪಗೆ ಇರುತ್ತದೆ, ಕೆಲವರಿಗೆ ಗರ್ಭಕೋಶವೇ ಸರಿಯಾಗಿ ಬೆಳೆದಿರುವುದಿಲ್ಲ, ಅಂಥವರನ್ನು ಕರ್ನೂಲಿನ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ. ಇವಳದು ತೆಳು ಪೊರೆ, ಗರ್ಭಕೋಶ ಚೆನ್ನಾಗಿದೆ. ಅರಿವಳಿಕೆ ಕೊಟ್ಟು ಕತ್ತರಿಸಿ, ಮತ್ತೆ ಕೂಡಿಕೊಳ್ಳದಂತೆ ಅಂಚಿಗೆ ಹೊಲಿಗೆ ಹಾಕಿದರೆ ಆಯಿತು. ಮುಂದೆ ಮಕ್ಕಳಾಗಲು ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ.

“ಎಳ್ಳುಂಡೆ ತಿನ್ನಿಸಿದ್ದಕ್ಕೆ ಹಿಂಗಾತೇನ್ರಿ?” ಎಂದಳು ಬಸವಕ್ಕ.

“ಇಲ್ಲಮ್ಮ. ತಿಂದರೂ ತಿನ್ನದಿದ್ದರೂ ಪೊರೆ ತೆರೀತಿರಲಿಲ್ಲ.”

ಆಪರೇಷನ್‌ನಲ್ಲಿ ಕಾಕಂಬಿಯಂಥ ಕಪ್ಪು ಗಟ್ಟಿ ರಕ್ತ ಹರಿದು ಬಂತಂತೆ. ಸಂಜೆ ಹಾರಿಕಾ ಕಾಲು ಚಾಚಿ ಮಲಗಿದ್ದಳು. ಅವಳು ಹಾಗೆ ಕಾಲು ಚಾಚಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು ಎಂದು ಬಸವಕ್ಕ ಅತ್ತಳು.

ಮರುದಿನ ಅಣ್ಣ, ಅತ್ತಿಗೆ ಬಂದರು. ಗಾದಿಲಿಂಗಮ್ಮ ಎಳ್ಳುಂಡೆಯ ಡಬ್ಬಿಯನ್ನು ಮಂಚದ ಬದಿಗಿಟ್ಟು, ಎಲ್ಲಿ ಕತ್ತರಿಸಿದರು ಎಂದು ನರ್ಸಮ್ಮನನ್ನು ಕೇಳಿದಳು. ಉತ್ತರ ಕೇಳಿ ಅವಳ ಮುಖ ಬಾಡಿತು. ಡಾಕ್ಟರ್ ಪ್ರತಿಮಾ ಬಂದು, ಪೊರೆ ನೋಡಿ ಹುಡುಗಿಯ ನಡತೆ ಹೇಳಲು ಯಾರಿಂದಲೂ ಆಗದು, ಇದು ಮುಚ್ಚಿದ ಬಾಗಿಲು ತೆರೆದಂತೆ ಅಷ್ಟೇ, ಮದುವೆಯ ಮಾತಿಗೆ ಹುಡುಗಿಗಿನ್ನೂ ವಯಸ್ಸೇ ಆಗಿಲ್ಲ ಎಂದು ಬಿಡಿಸಿ ಹೇಳಿದರು.

“ನಾನು ನಂಬ್ತೀನ್ರಿ ಡಾಕ್ಟರಮ್ಮ,” ಎಂದಳು ಗಾದಿಲಿಂಗಮ್ಮ. “ನಮ್ಮ ಮಂದಿ ನಂಬಬೇಕಲ್ಲ. ಮದುವಿಗೆ ಮುಂಚೆನೇ ಕೊಯ್ಸಿಕೊಂಡ ಹುಡುಗಿ ಅಂತಾರ. ಬಸವಕ್ಕ, ಹರೀಶನ ಮಾತು ಇಲ್ಲಿಗೇ ಬಿಡಮ್ಮ.”

ಹಾರಿಕಾ ಗೋಡೆಯ ಕಡೆ ಹೊರಳಿದಳು. ಬಸವಕ್ಕ ಅಣ್ಣನನ್ನೇ ನೋಡುತ್ತಿದ್ದಳು. ಭೀಮಲಿಂಗಪ್ಪ ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಂಡು, “ಬಸ್ಸಿಗೆ ಹೊತ್ತಾತು,” ಎಂದ.

ಮುಂದಿನ ತಿಂಗಳು ಹಾರಿಕಾಗೆ ಎಲ್ಲ ಹುಡುಗಿಯರಂತೆ ಮುಟ್ಟಾಯಿತು. ಸುದ್ದಿ ಮೊದಲು ಸೋದರಮಾವನಿಗೆ ಮುಟ್ಟಬೇಕು. ಬಸವಕ್ಕ ನಮ್ಮ ಅಡುಗೆಮನೆಯಲ್ಲೇ ನಿಂತು ಹಾಲಹರವಿಗೆ ಫೋನ್ ಮಾಡಿದಳು. ಆ ಕಡೆ ಕುರಿಗಳ ಸದ್ದು ನನಗೂ ಕೇಳಿಸಿತು. “ಆತು ಬಸವಿ,” ಎಂದ ಅಣ್ಣ. ಗುಡ್ಲಿನ ಮಾತು ಎತ್ತಲಿಲ್ಲ.

“ಮಗಳ ನೋವು ಹೋತಲ್ಲ ಅಕ್ಕಾರೆ, ಅಷ್ಟು ಸಾಕು. ವರ ಇನ್ನೊಬ್ಬ ಸಿಗ್ತಾನ,” ಎಂದಳು. ಇನ್ನೊಂದು ರೊಟ್ಟಿ ತಟ್ಟಿ ಹಂಚಿಗೆ ಹಾಕಿದಳು. “ತವರುಮನಿ ಎಲ್ಲಿ ಸಿಗ್ತೈತ್ರಿ?”

ಅತ್ತಿಗೆ ಆಸ್ಪತ್ರೆಗೆ ತಂದ ಆ ಡಬ್ಬಿ ಬಸವಕ್ಕನ ಮನೆಯ ಗೋಡೆಗೂಡಿನಲ್ಲಿ ಇವತ್ತಿಗೂ ಇದೆ. ಹಾರಿಕಾ ಅದನ್ನು ಮುಟ್ಟುವುದಿಲ್ಲ. ಕಮಟು ವಾಸನೆ ಬರುತ್ತಿದೆ, ಚೆಲ್ಲಿಬಿಡು ಎಂದೆ. ಬಸವಕ್ಕ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡಿ, ಮತ್ತೆ ಅಲ್ಲೇ ಇಟ್ಟಳು.