ಮಗಳ ಕವರ್ ಲೆಟರಿಗೆ ಅಣ್ಣನ ತಿದ್ದುಪಡಿ

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಳ್ಳಾರಿಯ ಹೋಟೆಲೊಂದರ ರಿಸೆಪ್ಷನ್‌ನಲ್ಲಿದ್ದ ನನ್ನ ಮಗಳು, ಮಾಲ್ಡೀವ್ಸಿನ ರೆಸಾರ್ಟೊಂದರ ಗೆಸ್ಟ್ ರಿಲೇಶನ್ಸ್ ಕೆಲಸಕ್ಕೆ ಅರ್ಜಿ ಹಾಕಲು ಕುಳಿತಿದ್ದಳು. ಅಂದೇ ಕೊನೆಯ ದಿನ. ಕವರ್ ಲೆಟರ್ ಒಂದು ಪುಟ ದಾಟುವಂತಿಲ್ಲ. ರೂಮು ಸಿದ್ಧವಿಲ್ಲವೆಂದು ಸಿಟ್ಟಾದ ಅತಿಥಿಯನ್ನು ತಾನು ಹೇಗೆ ಸಮಾಧಾನಪಡಿಸಿದೆ ಎಂದು ಬರೆಯುತ್ತಿದ್ದಾಗ ಕುರುಗೋಡಿನಿಂದ ನನ್ನ ಅಣ್ಣ ಬಂದ. ತಾಲ್ಲೂಕು ಕಚೇರಿಯ ನಿವೃತ್ತ ಗುಮಾಸ್ತ. ಅರ್ಜಿ ಎಂದರೆ ಅವನಿಗೆ ಹಬ್ಬ.

“ಇದೇನವ್ವಾ, ಅಪ್ಪನ ಹೆಸರಿಲ್ಲ, ಮನಿತನ ಇಲ್ಲ! ನಿಮ್ಮಜ್ಜ ಊರಿಗೆ ಬಾವಿ ತೋಡ್ಸಿದ್ದು ಹಾಕು. ಕಡೀಗೆ, ದಯಮಾಡಿ ಕೆಲಸ ಕೊಡಬೇಕಾಗಿ ವಿನಂತಿ ಅಂತ ಬರಿ.”

ಬರೆಯದಿದ್ದರೆ ಅಣ್ಣನ ಮುನಿಸು ಮುಂದಿನ ಹಬ್ಬದವರೆಗೂ ಇಳಿಯದು. ಬರೆದರೆ ಕೆಲಸ ಸಿಗದು.

ಮಗಳು ಅವನ ಮುಂದೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಇಟ್ಟಳು. “ಮಾಮ, ಇಷ್ಟು ದೊಡ್ಡ ಸಂಗತಿ ಒಂದು ಪುಟದಾಗ ಹಿಡ್ಯಂಗಿಲ್ರಿ. ಮನಿತನದ್ದು ನೀವ ಚಂದಾಗಿ ಬೇರೆ ಬರದು ಕೊಡ್ರಿ. ಅವರು ಕೇಳಿದ್ರ ಕಳಸ್ತೀನಿ.”

ಅಣ್ಣ ಹಿಗ್ಗಿ ಹೋದ. ಕೈ ಒರೆಸಿಕೊಂಡು, ಹಾಳೆ ಪಡೆದು, ಬಾವಿಯಿಂದಲೇ ಶುರು ಮಾಡಿದ. ಅಷ್ಟರಲ್ಲಿ ಮಗಳು ತನ್ನ ಪುಟವನ್ನು ಕಳಿಸಿಬಿಟ್ಟಳು.

ಮುಂದಿನ ವಾರ ವಿಡಿಯೊ ಸಂದರ್ಶನ. ಆಗದ್ದನ್ನೇ ಹಟ ಹಿಡಿದು ಕೇಳುವ ಅತಿಥಿಯನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದರು. ಮಗಳು ಮಾಮನ ಕಥೆ ಹೇಳಿದಳು. ಅತ್ತ ಕಡೆಯವರು ಬಿದ್ದು ಬಿದ್ದು ನಕ್ಕರು, ಕೆಲಸವನ್ನೂ ಕೊಟ್ಟರು.

ಪೇಡೆ ಬಾಯಿಗಿಟ್ಟುಕೊಳ್ಳುತ್ತ ಅಣ್ಣ ಕೇಳಿದ, “ಮನಿತನ ಕೇಳಿದ್ರೇನವ್ವಾ?”

“ಬರೇ ನಿಮ್ಮ ಸುದ್ದೀನ ಆತ್ರಿ, ಮಾಮ,” ಎಂದಳು ಮಗಳು.