ಮೇಡಂ ನೋಡಿದ ತುಟಿಗಳು

ನಮ್ಮ ಫ್ರೆಂಚ್ ಮೇಡಂ ಮೂವತ್ತು ವರ್ಷದಿಂದ ಒಂದೇ ಕೋಣೆಯಲ್ಲಿ ಪಾಠ ಮಾಡುತ್ತಿದ್ದವರು. ಕನ್ನಡದ ‘ಎ’, ‘ಏ’ಗಳಲ್ಲಿ ನಾವು ಗಮನಿಸುವುದು ಉದ್ದವನ್ನು, ಫ್ರೆಂಚಿನ ಎರಡು ‘ಎ’ಗಳಿಗೆ ಬೇಕಾದದ್ದು ಬಾಯಿ ಎಷ್ಟು ತೆರೆದಿದೆ ಎಂಬುದು. ಅದಕ್ಕೇ ಮೇಡಂ ನಮ್ಮ ದವಡೆ ನೋಡುತ್ತ, “ಎಳೀಬೇಡ, ಬಾಯಿ ಬಿಡು” ಎನ್ನುತ್ತಿದ್ದರು. ಫ್ರೆಂಚಿನ ‘u’ ಸ್ವರದ ಪಾಠ ಒಂದೇ ಸಾಲು: “ನಾಲಿಗೆ ‘ಈ’ ಅನ್ನಲಿ, ತುಟಿ ‘ಊ’ ಅನ್ನಲಿ.”

ಆ ‘u’ದಲ್ಲಿ ಮೇಡಂ ಇಡೀ ತರಗತಿಗೆ ಪೂರ್ತಿ ಅಂಕ ಕೊಟ್ಟರು. ಹೊರಗಿನಿಂದ ಬಂದ ಪರೀಕ್ಷಕರು ‘ಎ’ಗಳಲ್ಲಿ ಎಲ್ಲರನ್ನೂ ಪಾಸು ಮಾಡಿ, ‘u’ದಲ್ಲಿ ಎಲ್ಲರನ್ನೂ ಫೇಲು ಮಾಡಿದರು. ನಾವು ಹೇಳಿದ್ದು ಬರೀ ನಮ್ಮ ‘ಊ’, ಅಂದರೆ ಫ್ರೆಂಚಿನಲ್ಲಿ ‘ou’ ಎಂದು ಬರೆಯುವ ಬೇರೆ ಸ್ವರವಂತೆ.

ಸಿಟ್ಟು ನೆತ್ತಿಗೇರಿ ಸ್ಟಾಫ್ ರೂಮಿಗೆ ನುಗ್ಗಿದೆ. ಬೆನ್ನ ಹಿಂದೆ ನಿಂತು ಮೂರು ಸಲ ಕರೆದೆ. ಮೇಡಂ ಪೇಪರ್ ತಿದ್ದುತ್ತಲೇ ಇದ್ದರು. ಎದುರಿಗೆ ಹೋದಾಗ ತಲೆಯೆತ್ತಿ ನನ್ನ ತುಟಿಗಳನ್ನೇ ನೋಡಿದರು.

“ಯಾವಾಗಿಂದ ಮೇಡಂ?” ಎಂದೆ.

“ಕಿವಿ ಹೋಗಿ ಎರಡು ವರ್ಷ ಆಯ್ತು,” ಎಂದರು ಮೇಡಂ, ಹಾಜರಿ ಕೂಗುವ ದನಿಯಲ್ಲೇ. “ಬಾಯಿ ಬಿಟ್ರೆ ಕಾಣುತ್ತೆ. ಆದ್ರೆ ‘ಊ’ಗೂ ‘u’ಗೂ ತುಟಿ ಒಂದೇ ಥರ. ಒಳಗಿರೋ ನಾಲಿಗೇನ ನಂಬಿದ್ದೆ ಕಣೆ.”