ರೊಟ್ಟಿ ತಂದ ಗಾಡಿ ಯಾರದು?

ಎಂ.ಎ. ಸಮಾಜಶಾಸ್ತ್ರದ ಸೆಮಿನಾರಿಗೆ ನನಗೆ ಬಂದ ವಿಷಯ ಸಂಪನ್ಮೂಲ ಕ್ರೋಡೀಕರಣ ಸಿದ್ಧಾಂತ. ಹತ್ತು ನಿಮಿಷದ ಭಾಷಣ ಬರೆದುಕೊಂಡು ಬಂದು ಓದಬೇಕಿತ್ತು. ಅಸಮಾಧಾನ ಎಲ್ಲ ಕಾಲಕ್ಕೂ ಇರುತ್ತದೆ, ಅದೊಂದರಿಂದಲೇ ಚಳವಳಿ ಹುಟ್ಟುವುದಿಲ್ಲ. ಜನ, ಸಮಯ, ಸಂಘಟನೆ, ಹಣ, ಪರಿಚಯಗಳು ಒಂದೆಡೆ ಕೂಡಿದಾಗ ಹುಟ್ಟುತ್ತದೆ ಎನ್ನುವುದು ಅದರ ತಿರುಳು. ಉದಾಹರಣೆಗೆ ನಾನು ಆಶಾ ಕಾರ್ಯಕರ್ತೆಯರ ಧರಣಿಯನ್ನು ಆರಿಸಿಕೊಂಡೆ. ಸುಲೇಪೇಟದ ನನ್ನ ಚಿಗವ್ವ ಅದರಲ್ಲಿದ್ದಳು.

ಚಿಂಚೋಳಿಯ ತಹಶೀಲ್ದಾರ್ ಕಚೇರಿ ಎದುರಿನ ಪೆಂಡಾಲಿನಲ್ಲಿ ಕೂತು ಕೇಳತೊಡಗಿದೆ. ಯಾವ ಊರಿನವರು ಯಾವತ್ತು ಬರಬೇಕೆಂದು ಯಾರು ಹೇಳುತ್ತಾರೆ? ಧರಣಿಗೆ ಕೂತವರಿಗೆ ದಿನಾ ಬರುವ ರೊಟ್ಟಿ ಯಾರ ಮನೆಯವು? ತರುವ ಗಾಡಿ ಯಾರದು? ಹತ್ತಿರ ಕೂತಿದ್ದ ಹೆಂಗಸರು ಸ್ವಲ್ಪ ದೂರ ಸರಿದರು. ಒಬ್ಬಾಕೆ ನನ್ನ ಪೆನ್ನನ್ನೇ ನೋಡುತ್ತ, "ಇಷ್ಟೆಲ್ಲ ಯಾಕ ಬೇಕವ್ವಾ? ಯಾರು ಕಳಿಸ್ಯಾರ ನಿನಗ?" ಎಂದಳು.

ಚಿಗವ್ವ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದಳು.

"ಮೊನ್ನೆ ಒಬ್ಬವ ಬಂದು ಇವೇ ಪ್ರಶ್ನೆ ಕೇಳಿ ಹೋದ. ಆಮ್ಯಾಗ ಗಾಡಿಯವನಿಗಿ ಫೋನ್ ಬಂತು, ಬಾಡಿಗಿ ಹೊಡಿಬ್ಯಾಡ ಅಂತ. ನೀನು ಏನ್ ಬರ್ಯಾಕತ್ತೀ, ಓದು ನೋಡಮು."

ಓದಿದೆ. ಸಂಪನ್ಮೂಲ ಎಂಬಲ್ಲಿ ಹೌದೆಂದು ತಲೆಯಾಡಿಸಿದಳು, ಊರುಗಳ ಹೆಸರು ಬಂದಾಗ ಕೈ ಎತ್ತಿದಳು. "ಇವು ತಗಿ. ಗಾಡಿನೂ ತಗಿ."

ಆ ಸಾಲುಗಳನ್ನು ಅಲ್ಲೇ ಹೊಡೆದುಹಾಕಿದೆ.

ಸೆಮಿನಾರಿನಲ್ಲಿ ಓದುತ್ತಿದ್ದಾಗ ಕೊನೆಯ ಬೆಂಚಿನ ಸಹಪಾಠಿಯೊಬ್ಬ ಫೋನ್ ಎತ್ತಿ ಹಿಡಿದಿದ್ದು ಕಣ್ಣಿಗೆ ಬಿತ್ತು. ಸಾಲು ತಪ್ಪಿತು.

"ಯಾಕ ರೆಕಾರ್ಡ್ ಮಾಡಾಕತ್ತೀ?"

"ನೋಟ್ಸಿಗಿ. ಯಾಕ, ಮಾಡಬಾರ್ದಾ?" ಎಂದ. ಮುಗಿದ ಮೇಲೆ ಅವನೇ ಎದ್ದು ಕೇಳಿದ: "ಹಂಗಾದ್ರ ಇವರ ಹಿಂದ ಯಾರೋ ಅದಾರ ಅಂತ ನಿನ್ನ ಸಿದ್ಧಾಂತನೇ ಹೇಳ್ತದಲ್ಲ?"

"ಇಲ್ಲ. ನೆರವು ಹೊರಗಿಂದ ಬರಬಹುದು, ಒಳಗಿಂದನೂ ಬರ್ತದ. ನೆರವು ಕೊಟ್ಟವರೇ ಹೋರಾಟ ನಡಸ್ತಾರ ಅಂತ ಅದು ಹೇಳಲ್ಲ. ಅದನ್ನ ಪ್ರತಿ ಸಲ ಬ್ಯಾರೆ ನೋಡಬೇಕಾಗ್ತದ." ನನ್ನ ದನಿ ಗಟ್ಟಿಯಾಗಿತ್ತು.

ಅಧ್ಯಾಪಕರು, "ಸಿದ್ಧಾಂತ ಸರಿ ಅದ. ಆದ್ರ ಸಂಪನ್ಮೂಲ ಎಲ್ಲಿಂದ ಬಂತು ಅನ್ನೋದೇ ಇಲ್ಲಲ್ಲವ್ವಾ? ಕ್ಷೇತ್ರಕಾರ್ಯ ಕಮ್ಮಿ ಆತು" ಎಂದರು. ಹೇಳಲಾರೆ ಎನ್ನಲೂ ಭಯವಾಗಿ ಹಾಳೆ ಮಡಚಿಕೊಂಡು ನನ್ನ ಜಾಗಕ್ಕೆ ಹೋದೆ.

ಸಂಜೆ ಚಿಗವ್ವನಿಗೆ ವಿಡಿಯೊ ವಿಷಯ ತಿಳಿಸಿದೆ. ಅವಳು ಬೈಯಲಿಲ್ಲ. ಮರುದಿನದಿಂದ ರೊಟ್ಟಿ ಬೇರೆ ಗಾಡಿಯಲ್ಲಿ ಬಂದವು. ಯಾರದೆಂದು ನನಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಹುಡುಗ ರೆಕಾರ್ಡಿಂಗನ್ನು ತರಗತಿಯ ಗ್ರೂಪಿಗೆ ಹಾಕಿದ, ಜೊತೆಗೆ "ಭಾಳ ಚಂದ ಆಗ್ಯಾದ" ಎಂಬ ಒಂದು ಸಾಲು. ಉಳಿದವರು ಅವನಿಗೆ ಧನ್ಯವಾದ ಹೇಳಿದರು. ಬೇರೆ ಯಾರಿಗೆ ಕಳಿಸಿದನೋ, ಕಳಿಸಲೇ ಇಲ್ಲವೋ, ಗೊತ್ತಾಗಲಿಲ್ಲ. ಕೋರ್ಸು ಮುಗಿಯುವವರೆಗೂ ಅವನೆದುರು ನಾನು ಊರಿನ ಮಾತು ಎತ್ತಲಿಲ್ಲ.